ಬಿನ್ನವತ್ತಳೆಯಲ್ಲಿ ಉಳಿಸಿಕೊಂಡ ಒಂದೇ ಮಾತು

ನಮ್ಮ ಗಣಿತ ಟೀಚರ್ ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿದ್ದಾರೆ. ಉಡುಪಿ ಕಡೆಯ ಸರಕಾರಿ ಹೈಸ್ಕೂಲು. ಹಳೆ ವಿದ್ಯಾರ್ಥಿಗಳ ಪರವಾಗಿ ಬಿನ್ನವತ್ತಳೆ ಬರೆಯುವ ಕೆಲಸ ನನ್ನ ತಲೆಗೆ ಬಂತು. ಮಾದರಿಗೆ ಅಂತ ಒಬ್ಬ ವಾಟ್ಸಾಪಿನಲ್ಲಿ ಹಳೆಯದೊಂದನ್ನು ಕಳಿಸಿದ. "ಜ್ಞಾನಜ್ಯೋತಿಯೇ, ಶಿಷ್ಯವತ್ಸಲೆಯೇ..." ಹೆಸರು ಬದಲಿಸಿದರೆ ಯಾರಿಗೆ ಬೇಕಾದರೂ ಕೊಡಬಹುದು!

ಎಲ್ಲ ಹೊಡೆದುಹಾಕಿ ಅದರಲ್ಲಿದ್ದ ಒಂದೇ ಮಾತು ಉಳಿಸಿಕೊಂಡೆವು: "ದೀಪದಿಂದ ದೀಪ ಹಚ್ಚಿದರೆ ಬೆಳಕು ಕಮ್ಮಿಯಾಗದು." ಟೀಚರ್ ಪಾಠ ಮಾಡಿದ್ದೇ ಹಾಗೆ ಅಲ್ವಾ? ಅದರ ಕೆಳಗೆ ನಾವು ಬರೆದದ್ದು ಇಷ್ಟು.

"ಟೀಚರ್,

ಸಮರೂಪ ತ್ರಿಭುಜದ ಪಾಠಕ್ಕೆ ನೀವು ನಮ್ಮನ್ನು ಅಂಗಳಕ್ಕೆ ಕರೆದುಕೊಂಡು ಹೋದಿರಿ. ಒಂದು ಮೀಟರ್ ಕೋಲು ನೆಟ್ಟಗೆ ನಿಲ್ಲಿಸಿದೆವು. ಅದರ ನೆರಳು 80 ಸೆಂಟಿಮೀಟರ್. ಅದೇ ಹೊತ್ತಿಗೆ ತೆಂಗಿನಮರದ ನೆರಳು 12 ಮೀಟರ್. 12ನ್ನು 0.8ರಿಂದ ಭಾಗಿಸಿದರೆ ಮರದ ಎತ್ತರ 15 ಮೀಟರ್. ಮರ ಹತ್ತದೆ ಎತ್ತರ ಸಿಕ್ಕಿತು!

ಆದರೆ ನೀವು ಪಾಠ ಅಲ್ಲಿಗೆ ಮುಗಿಸಲಿಲ್ಲ. ಇಬ್ಬರನ್ನು ಆರಿಸಿ, 'ಈಗ ನೀವು ಉಳಿದವರಿಗೆ ಹೇಳಿಕೊಡಿ' ಅಂದಿರಿ. ಅದಕ್ಕೂ ಮೊದಲು ಅವರಿಂದ ಧ್ವಜಸ್ತಂಭದ ಎತ್ತರ ಲೆಕ್ಕ ಹಾಕಿಸಿದಿರಿ. ಎಣ್ಣೆಯಲ್ಲಿ ನೆನೆಯದ ಬತ್ತಿಗೆ ಎಷ್ಟು ಕಡ್ಡಿ ಗೀರಿದರೂ ಅದು ಕರಕಲಾಗುತ್ತದೆ ಅಷ್ಟೇ, ದೀಪವಾಗಿ ಉರಿಯುವುದಿಲ್ಲ. ನಿಮಗೆ ಅದು ಗೊತ್ತಿತ್ತು.

ಹೇಳಿಕೊಡಲು ಹೋದಾಗಲೇ ನಮ್ಮ ತಪ್ಪುಗಳು ಹೊರಬಿದ್ದವು. ಒಂದು ಗುಂಪು ಕೋಲಿನ ನೆರಳನ್ನು ಬೆಳಿಗ್ಗೆ, ಮರದ ನೆರಳನ್ನು ಊಟದ ನಂತರ ಅಳೆದಿತ್ತು. ಅಷ್ಟರಲ್ಲಿ ಸೂರ್ಯ ಜಾಗ ಬಿಟ್ಟಿದ್ದ, ಮರ ಎಷ್ಟೋ ಮೀಟರ್ ಕುಗ್ಗಿತ್ತು! ಇನ್ನೊಂದು ಗುಂಪು ಇಳಿಜಾರಿನಲ್ಲಿ ಬಿದ್ದ ನೆರಳು ಅಳೆದಿತ್ತು. ನೀವು ಬೈಯಲಿಲ್ಲ. 'ಎಂತ ಮಾರಾಯ, ನಿನ್ನ ಮರ ರಬ್ಬರಾ?' ಅಂತ ಕೇಳಿದಿರಿ. ಯಾಕೆ ತಪ್ಪಾಯಿತು ಅಂತ ಹುಡುಕಿ ಹೇಳುವವರೆಗೆ ಬಿಡಲಿಲ್ಲ.

ನಮ್ಮಲ್ಲಿ ಒಬ್ಬಳು ಈಗ ಬ್ರಹ್ಮಾವರದಲ್ಲಿ ಟ್ಯೂಷನ್ ಮಾಡುತ್ತಾಳೆ. ಲೆಕ್ಕ ಬಂದ ಮಗು ಪಕ್ಕದ ಮಗುವಿಗೆ ಹೇಳಿಕೊಡದೆ ಮನೆಗೆ ಹೋಗುವ ಹಾಗಿಲ್ಲ. ನಿಮ್ಮಿಂದ ಬಂದದ್ದೇ. ಥ್ಯಾಂಕ್ಸ್ ಟೀಚರ್."

ಸಮಿತಿಯ ಒಬ್ಬರಿಗೆ ಇದು ಸಪ್ಪೆ ಅನಿಸಿತು. ಬಿರುದು ಇಲ್ಲದ ಬಿನ್ನವತ್ತಳೆಯಾ ಅಂತ. ಇರಲಿ. ನನ್ನ ಪ್ರಕಾರ ಗಾದೆ ಮಾತಿನ ಕೆಳಗೆ ಒಂದು ನಿಜವಾದ ಲೆಕ್ಕ ಇರಬೇಕು, ಇಲ್ಲದಿದ್ದರೆ ಅದು ಸುಮ್ನೆ ಫ್ರೇಮಿನ ಅಲಂಕಾರ. ಆ ಮಾತಿನಲ್ಲಿ ನನಗೆ ಒಂದು ತಕರಾರೂ ಇದೆ. ಬೆಳಕು ಕಮ್ಮಿಯಾಗದು ಸರಿ, ಆದರೆ ಎಣ್ಣೆ ಕಮ್ಮಿಯಾಗುತ್ತದೆ. ಪರೀಕ್ಷೆ ಹತ್ತಿರ ಬಂದಾಗ ಟೀಚರ್ ಸಂಜೆ ಕೊನೆಯ ಬಸ್ಸಿನವರೆಗೆ ಶಾಲೆಯಲ್ಲೇ ಇರುತ್ತಿದ್ದರು. ಆ ಸಂಜೆಗಳು ಅವರ ಮನೆಯವರದ್ದಾಗಿದ್ದವು. ಅದಕ್ಕೇ ಮನೆಯವರ ಹೆಸರಲ್ಲೂ ಒಂದು ಸಾಲು ಸೇರಿಸಿದೆವು.

ಶಾಲು, ಹಣ್ಣಿನ ಬುಟ್ಟಿ ಎಲ್ಲ ಇರುತ್ತದೆ. ನಮ್ಮ ಬ್ಯಾಚಿನವರು ಯಾರಾದರೂ ಇದ್ದರೆ, ಟೀಚರ್ ಮಾಡಿಸಿದ ಇನ್ನೊಂದು ಲೆಕ್ಕ ನೆನಪಿದ್ದರೆ ನನಗೆ ಬರೆದು ಕಳಿಸಿ. ಶುಕ್ರವಾರ ಪ್ರಿಂಟಿಗೆ ಕೊಡಬೇಕು.