ಕುಪ್ಪಂ ನಮ್ಮದು, ಕಲಬುರಗಿ ಯಾರದ್ದೋ

ಮಂಗಳೂರನ್ನು ಕೇರಳದ ಪಾಲಕ್ಕಾಡ್ ರೈಲ್ವೆ ವಿಭಾಗದಿಂದ ಬಿಡಿಸಿ ಹುಬ್ಬಳ್ಳಿಯ ನೈಋತ್ಯ ರೈಲ್ವೆಗೆ ಸೇರಿಸಿ ಅನ್ನೋ ಮನವಿ ಮತ್ತೆ ಪತ್ರಿಕೆಗೆ ಬಂದಿದೆ. ಯುಗಾದಿ ಪಂಚಾಂಗದ ಹಾಗೆ ತಪ್ಪದೆ ಬರುವ ಸುದ್ದಿ. ಶಾಲು ಹೊದ್ದವರೊಬ್ಬರು, ಮನವಿಪತ್ರ ಹಿಡಿದವರೊಬ್ಬರು, ಅದರ ಅಂಚು ಮುಟ್ಟಿಕೊಂಡು ಕ್ಯಾಮೆರಾ ನೋಡುವವರು ಹದಿನಾಲ್ಕು ಜನ.

ಕೋಲಾರದವರು ಇದನ್ನು ಓದಿ ಕೊಂಚ ಬೀಗಬಹುದು. ನಮ್ಮ ಕಡೆ ರೈಲ್ವೆ ಊರು ಬಿಟ್ಟುಕೊಟ್ಟಿಲ್ಲ, ಗೆದ್ದುಕೊಂಡಿದೆ. ಬಂಗಾರಪೇಟೆಯಲ್ಲಿ ಚೆನ್ನೈ ಕಡೆಯ ರೈಲು ಹತ್ತಿ, ಕಾಮಸಮುದ್ರ ದಾಟಿದರೆ ಬಿಸಾನತ್ತಂ, ಗುಡುಪಲ್ಲಿ, ಕುಪ್ಪಂ. ನೆಲ ಆಂಧ್ರದ್ದು, ಬೋರ್ಡು ತೆಲುಗಿನದು, ರೈಲ್ವೆ ಮಾತ್ರ ಬೆಂಗಳೂರು ವಿಭಾಗದ್ದು. ಇನ್ನೂ ಮುಂದೆ ತಮಿಳುನಾಡು ಶುರುವಾದರೂ ನಮ್ಮ ಸಾಮ್ರಾಜ್ಯ ಮುಗಿಯುವುದಿಲ್ಲ, ಜೋಲಾರಪೇಟೆಯ ಹೊಸ್ತಿಲವರೆಗೂ ಹಬ್ಬಿದೆ. ಚಿಕ್ಕಬಳ್ಳಾಪುರದವರೂ ಕಡಿಮೆಯೇನಿಲ್ಲ. ಗೌರಿಬಿದನೂರಿನಿಂದ ಆಚೆ ಹಿಂದೂಪುರ, ಪುಟ್ಟಪರ್ತಿಯ ಪ್ರಶಾಂತಿ ನಿಲಯ, ಎಲ್ಲ ನಮ್ಮ ವಿಭಾಗವೇ. ಆ ಕಡೆ ಹೊಸೂರು, ಧರ್ಮಪುರಿ. ಹುಬ್ಬಳ್ಳಿ ವಿಭಾಗದವರಂತೂ ಗೋವೆಯ ವಾಸ್ಕೋವರೆಗೆ ಹೋಗಿ ಸಮುದ್ರ ಅಡ್ಡ ಬಂತೆಂದು ನಿಂತಿದ್ದಾರೆ. ಇಮ್ಮಡಿ ಪುಲಿಕೇಶಿಯ ನಂತರ ಇಂಥ ದಿಗ್ವಿಜಯ ಕನ್ನಡ ನಾಡು ಕಂಡಿಲ್ಲ.

ಹೀಗೆ ಗೆಲ್ಲುತ್ತ ಹೋದವರು ಮನೆಯೊಳಗೆ ಒಂದಷ್ಟು ಕೋಣೆ ಮರೆತರು, ಅಷ್ಟೆ. ಕಲಬುರಗಿ ಸೊಲ್ಲಾಪುರ ವಿಭಾಗದಲ್ಲಿದೆ, ಅದರ ಮೇಲಿನ ಸಾಹೇಬರು ಮುಂಬೈಯಲ್ಲಿ. ರಾಯಚೂರು ಗುಂತಕಲ್ಲಿನದು, ಬೀದರ್ ಸಿಕಂದರಾಬಾದಿನದು. ಮಂಗಳೂರಿನ ಕಥೆ ಹೇಳಿದ್ದೇ ಆಯಿತು. ಕಲಬುರಗಿಗೆ ಸ್ವಂತ ವಿಭಾಗ ಕೊಡುತ್ತೇವೆಂದು 2014ರಲ್ಲಿ ಘೋಷಣೆಯಾಯಿತು, ಊರಿನವರು ಇನ್ನೂ ಕಾಯುತ್ತಿದ್ದಾರೆ. ಮನೆಗೆ ಮಾರಿ, ಊರಿಗೆ ಉಪಕಾರಿ.

ರೈಲ್ವೆಯನ್ನು ಬೈಯುವ ಮೊದಲು ಅದರ ವಯಸ್ಸಿಗೆ ಮರ್ಯಾದೆ ಕೊಡಬೇಕು. ಕುಪ್ಪಂ ಮೇಲೆ ಬೆಂಗಳೂರಿಗೆ ಬರುವ ದಾರಿಯನ್ನು ಮದ್ರಾಸ್ ರೈಲ್ವೆ ಕಂಪನಿ ಹಾಕಿದ್ದು, ದಂಡು ಪ್ರದೇಶಕ್ಕೆ ರೈಲು ಬಂದದ್ದು 1864ರಲ್ಲಿ. ಸ್ವಾತಂತ್ರ್ಯ ಬಂದ ಮೇಲೆ ಆ ದಾರಿ, ಮೈಸೂರು ಸಂಸ್ಥಾನದ ರೈಲು, ಇನ್ನೊಂದೆರಡು ಕಂಪನಿಗಳ ರೈಲು ಎಲ್ಲ ಒಟ್ಟುಗೂಡಿಸಿ ದಕ್ಷಿಣ ರೈಲ್ವೆ ಅನ್ನೋ ವಲಯ ಮಾಡಿದ್ದು 1951ರಲ್ಲಿ. ಭಾಷೆಯ ಲೆಕ್ಕದಲ್ಲಿ ರಾಜ್ಯ ಹಂಚಿದ್ದು 1956ರಲ್ಲಿ. ಅಂದರೆ ವಲಯ ಅಣ್ಣ, ರಾಜ್ಯ ತಮ್ಮ. ತಮ್ಮನಿಗೆ ಸೈಟು ಹಂಚುವಾಗ ಅಣ್ಣ ಆಗಲೇ ಬೇಲಿ ಹಾಕಿಕೊಂಡಿದ್ದ. ಆ ಬೇಲಿಗೊಂದು ನ್ಯಾಯವೂ ಇತ್ತು: ರೈಲು ಕೈ ಬದಲಿಸಬೇಕಾದ್ದು ದೊಡ್ಡ ಜಂಕ್ಷನ್ನಿನಲ್ಲಿ. ಅಲ್ಲಿ ಲೂಪ್ ಲೈನ್ ಇರುತ್ತದೆ, ಚಾಲಕರು ಮಲಗಿ ಏಳಲು ರನ್ನಿಂಗ್ ರೂಮ್ ಇರುತ್ತದೆ, ಒಂದು ಕಂಟ್ರೋಲಿನವರು ಇನ್ನೊಂದು ಕಂಟ್ರೋಲಿಗೆ ರೈಲು ಒಪ್ಪಿಸಬಹುದು. ಕಾಮಸಮುದ್ರದ ಆಚೆ ಹೊಲದ ಬದುವಿನ ಮೇಲೆ ರಾಜ್ಯದ ಗಡಿ ಇದೆಯೆಂದು ಅಲ್ಲೇ ರೈಲು ನಿಲ್ಲಿಸಿ ಬೀಗದಕೈ ಕೊಡಲಾಗುತ್ತದೆಯೇ?

ಆದ್ದರಿಂದ ಜೋಲಾರಪೇಟೆ ಸರಿ, ಗುಂತಕಲ್ಲೂ ಸರಿ. ಆದರೆ 2003ರ ಏಪ್ರಿಲ್ 1ರಂದು (ದಿನಾಂಕ ನನ್ನ ಕುಚೇಷ್ಟೆಯಲ್ಲ) ಹುಬ್ಬಳ್ಳಿಯಲ್ಲಿ ನೈಋತ್ಯ ರೈಲ್ವೆ ತೆರೆದಾಗ ಬೇಲಿ ಕಿತ್ತು ಹೊಸದಾಗಿ ನೆಡಲು ಒಂದು ಅವಕಾಶ ಇತ್ತು. ಮಾಡಿದ್ದಿಷ್ಟು: ದಕ್ಷಿಣ ರೈಲ್ವೆಯಿಂದ ಬೆಂಗಳೂರು, ಮೈಸೂರು ವಿಭಾಗ, ದಕ್ಷಿಣ ಮಧ್ಯ ರೈಲ್ವೆಯಿಂದ ಹುಬ್ಬಳ್ಳಿ ವಿಭಾಗ. ಕೂಸಿಗೆ ಸ್ವಂತ ನಂಬರೂ ಸಿಗಲಿಲ್ಲ. ನಮ್ಮ ರೈಲುಗಳ ಸಂಖ್ಯೆ ಇವತ್ತಿಗೂ ಕೆಲವು 16ರಿಂದ ಶುರು, ಕೆಲವು 17ರಿಂದ. ಮೊದಲನೆಯದು ಚೆನ್ನೈ ಕಡೆಯ ಬಳುವಳಿ, ಎರಡನೆಯದು ಸಿಕಂದರಾಬಾದ್ ಕಡೆಯದು. ರೈಲ್ವೆಗೆ ನೆನಪಿನ ಶಕ್ತಿ ವಿಪರೀತ. ಬಂಗಾರಪೇಟೆಗೆ ಟಿಕೆಟ್ ಮಾಡಲು ಇವತ್ತೂ ಟೈಪ್ ಮಾಡಬೇಕಾದ್ದು BWT, ಅಂದರೆ ಬೌರಿಂಗ್‌ಪೇಟೆ. ಮೈಸೂರಿನ ಕಮಿಷನರ್ ಬೌರಿಂಗ್ ಸಾಹೇಬರು ಊರು ಬಿಟ್ಟು ನೂರೈವತ್ತು ವರ್ಷ ದಾಟಿತು. ಕೆಜಿಎಫ್‌ನಲ್ಲಿ ಚಿನ್ನ ಮುಗಿಯಿತು, ಬೌರಿಂಗ್ ಮುಗಿಯಲಿಲ್ಲ.

ಇನ್ನು ಈ ದಾರಿಯಲ್ಲಿ ನಿಮ್ಮ ಬ್ಯಾಗ್ ಹೋಯಿತು ಅನ್ನಿ. ಬಂಗಾರಪೇಟೆ ಬಿಟ್ಟಾಗ ತಲೆದೆಸೆಯಲ್ಲಿತ್ತು, ಜೋಲಾರಪೇಟೆಯಲ್ಲಿ ಎಚ್ಚರವಾದಾಗ ಇಲ್ಲ. ನಡುವೆ ಸುಮಾರು 75 ಕಿ.ಮೀ., ಒಂದು ಗಂಟೆ ಚಿಲ್ಲರೆ, ಮೂರು ರಾಜ್ಯ. ಖಾಕಿ ಕಂಡಿತೆಂದು ರೈಲ್ವೆ ರಕ್ಷಣಾ ದಳದವರ ಬಳಿ ಓಡುತ್ತೀರಿ. ಅವರು ರೈಲ್ವೆಯವರು, ವಿಭಾಗದ ಲೆಕ್ಕದವರು. ಶೌಚಾಲಯದ ನಲ್ಲಿ ಕದ್ದಿದ್ದರೆ ಕೇಸು ಅವರದು. ನಿಮ್ಮ ಬ್ಯಾಗ್ ರೈಲ್ವೆ ಆಸ್ತಿಯಲ್ಲವಲ್ಲ, ಅದನ್ನು ಬರೆದುಕೊಳ್ಳಬೇಕಾದವರು ರೈಲ್ವೆ ಪೊಲೀಸರು. ಹೆಸರಿನಲ್ಲಿ ರೈಲ್ವೆ ಇದ್ದರೂ ಅವರು ರಾಜ್ಯ ಸರ್ಕಾರದವರು. ಹಳಿಯ ಮೇಲೆ ಎಲ್ಲೂ ಕಾಣಿಸದ ರಾಜ್ಯದ ಗಡಿ ಕಳ್ಳತನವಾದ ಕೂಡಲೇ ಭೂಮಿಯಿಂದ ಎದ್ದು ನಿಲ್ಲುತ್ತದೆ. ‘ಎಲ್ಲಿ ಹೋಯಿತು ನೆನಪಿದೆಯಾ? ಕುಪ್ಪಂಗೆ ಮೊದಲೋ, ಆಮೇಲೋ?’ ನೆನಪಿಟ್ಟುಕೊಳ್ಳಲು ಎಚ್ಚರ ಇದ್ದಿದ್ದರೆ ಬ್ಯಾಗ್ ಯಾಕೆ ಹೋಗುತ್ತಿತ್ತು?

ಇಲ್ಲಿ ಬಗ್ಗಬೇಡಿ. ಬೋಗಿಯ ಟಿಟಿಇ ಬಳಿ ದೂರಿನ ಫಾರಂ ಇರುತ್ತದೆ, ಕೇಳಿ ತುಂಬಿಸಿ. 139ಕ್ಕೂ ಹೇಳಿ. ಮುಂದಿನ ರೈಲ್ವೆ ಪೊಲೀಸ್ ಠಾಣೆಯಲ್ಲಿ ‘ನಮ್ಮ ವ್ಯಾಪ್ತಿಯಲ್ಲ’ ಅಂದರೆ ಝೀರೋ ಎಫ್‌ಐಆರ್ ಕೇಳಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಎಲ್ಲಿ ನಡೆದ ಅಪರಾಧವಾದರೂ ಎದುರಿಗಿರುವ ಠಾಣೆ ಮಾಹಿತಿ ದಾಖಲಿಸಲೇಬೇಕು. ಆಮೇಲೆ ಕಾಗದ ಸಂಬಂಧಪಟ್ಟ ರಾಜ್ಯಕ್ಕೆ ಪ್ರಯಾಣ ಬೆಳೆಸುತ್ತದೆ. ಅದಕ್ಕೆ ರಿಸರ್ವೇಷನ್ ಸಿಗಲಿ ಎಂದು ಹಾರೈಸೋಣ.

ತುಮಕೂರಿನವರಿಗೆ ರಾಜ್ಯ ದಾಟುವ ಶ್ರಮವೂ ಬೇಡ, ಜಿಲ್ಲೆಯೊಳಗೇ ಗಡಿ ಇದೆ. ತುಮಕೂರು ಬೆಂಗಳೂರು ವಿಭಾಗ, ತಿಪಟೂರು ಮೈಸೂರು ವಿಭಾಗ. ಒಂದೇ ಜಿಲ್ಲಾಧಿಕಾರಿ, ಒಂದೇ ಹಳಿ, ವಿಭಾಗ ನೋಡಿಕೊಳ್ಳುವ ಡಿಆರ್‌ಎಂ ಸಾಹೇಬರು ಮಾತ್ರ ಇಬ್ಬರು. ತುಮಕೂರಿನ ಅಂಡರ್‌ಪಾಸಿನಲ್ಲಿ ಮಳೆನೀರು ನಿಂತರೆ ಅರ್ಜಿ ಬೆಂಗಳೂರಿಗೆ, ತಿಪಟೂರಿನಲ್ಲಿ ನಿಂತರೆ ಅರಸೀಕೆರೆ, ಹಾಸನ ಸುತ್ತಿ ಮೈಸೂರಿಗೆ. ನೀರು ಮಾತ್ರ ಎರಡೂ ಕಡೆ ಒಂದೇ ಎತ್ತರಕ್ಕೆ ನಿಲ್ಲುತ್ತದೆ. ತುಮಕೂರಿನ ಸಂಸದರು ರೈಲ್ವೆ ಖಾತೆಯ ರಾಜ್ಯ ಸಚಿವರು. ರಾಜ್ಯ ಅನ್ನೋ ಪದ ರೈಲ್ವೆಯಲ್ಲಿ ಉಳಿದಿರುವುದು ಆ ಹುದ್ದೆಯ ಹೆಸರಿನಲ್ಲೊಂದೇ.

ತಪ್ಪಿದೆ, ಇನ್ನೊಂದು ಕಡೆಯೂ ಇದೆ. ಹಣ ಕೇಳುವಾಗ. ತುಮಕೂರು–ರಾಯದುರ್ಗ ದಾರಿ ಮಂಜೂರಾದದ್ದು 2007-08ರಲ್ಲಿ, ತುಮಕೂರು–ದಾವಣಗೆರೆಯದು 2011-12ರಲ್ಲಿ. ಎರಡರಲ್ಲೂ ಕರ್ನಾಟಕದೊಳಗಿನ ಭಾಗದ ಅರ್ಧ ಖರ್ಚು ನಮ್ಮ ರಾಜ್ಯದ ಬೊಕ್ಕಸದ್ದು. ಆಗ ಗಡಿ ಸ್ಪಷ್ಟವಾಗಿ ಕಾಣುತ್ತದೆ, ನಿಮ್ಮ ಜಿಲ್ಲೆ, ನಿಮ್ಮ ಜನ, ನಿಮ್ಮ ಪಾಲು ಎಷ್ಟು ಕೊಡುತ್ತೀರಿ ಅನ್ನುತ್ತಾರೆ. ಕೊಟ್ಟಾದ ಮೇಲೆ ರೈಲು ಎಷ್ಟು ಹೊತ್ತಿಗೆ ಬರಬೇಕು, ಎಲ್ಲಿ ನಿಲ್ಲಬೇಕು ಎಂದು ಕೇಳಿದರೆ ಅದು ವಲಯದ ವಿಚಾರ, ರೈಲ್ವೆ ಮಂಡಳಿಯ ವಿಚಾರ. ಇದರಲ್ಲಿ ನಗುವಂಥದ್ದೇನೂ ಇಲ್ಲ. ಮಧುಗಿರಿ, ಕೊರಟಗೆರೆಯಲ್ಲಿ ಜಮೀನು ಬಿಟ್ಟವರ ಮಕ್ಕಳು ಇವತ್ತಿಗೂ ಬಸ್ಸಿನ ಬಾಗಿಲಲ್ಲಿ ಜೋತುಬಿದ್ದು ತುಮಕೂರಿಗೆ ಕಾಲೇಜಿಗೆ ಹೋಗುತ್ತಿದ್ದಾರೆ. ದುಡ್ಡು ಕೊಟ್ಟವರಿಗೆ ಒಂದು ಮಾತು ಹೇಳುವ ಹಕ್ಕಿಲ್ಲ, ಹೇಳಬೇಕೆಂದರೂ ಯಾವ ಊರಿನ ಯಾವ ಸಾಹೇಬರ ಮುಂದೆ ನಿಲ್ಲಬೇಕೆಂದು ಗೊತ್ತಿಲ್ಲ.

ರಾಯದುರ್ಗದ ದಾರಿ ಮಧುಗಿರಿ ದಾಟಿ ಪಾವಗಡಕ್ಕೆ ಹೋಗುತ್ತದೆ. ಪಾವಗಡ ನಕ್ಷೆಯಲ್ಲೇ ಆಂಧ್ರದ ಹೊಟ್ಟೆಯೊಳಗೆ ಸಿಕ್ಕಿಕೊಂಡ ತಾಲ್ಲೂಕು. ಅಲ್ಲಿಂದ ಮುಂದೆ ಹಳಿ ಕಲ್ಯಾಣದುರ್ಗ, ರಾಯದುರ್ಗ ಎಂದು ಆಂಧ್ರದಲ್ಲೇ ಸಾಗುತ್ತದೆ. ಪಾವಗಡದವರು ಮನವಿಪತ್ರ ಈಗಲೇ ಬರೆದಿಟ್ಟುಕೊಳ್ಳುವುದು ವಾಸಿ. ‘ಇವರಿಗೆ’ ಎಂದು ಬರೆದು, ಕೆಳಗೆ ನಾಲ್ಕು ಗೆರೆ ಖಾಲಿ ಬಿಡಿ.