ಸ್ಟಾರ್ ಎಣಿಸುವುದು ಬಿಡಿ, ಲಿಂಕ್ ಓದಿ

ಮತ್ತೆ ಅದೇ ಮಾತು ಕೇಳಿ ಸಿಟ್ಟು ನೆತ್ತಿಗೇರಿದೆ. "ಪ್ಲೇ ಸ್ಟೋರ್‌ನಲ್ಲೇ ಇತ್ತು, 4.8 ಸ್ಟಾರ್ ಬೇರೆ ಇತ್ತು, ಅದಕ್ಕೇ ಹಾಕಿಕೊಂಡೆ." ನಕಲಿ ಆಪ್ ಹಾಕಿಕೊಂಡು ಮೋಸ ಹೋದವರ ಮೇಲೆ ನನಗೆ ಎಳ್ಳಷ್ಟೂ ಸಿಟ್ಟಿಲ್ಲ. ಅವರು ಹೇಳಿಕೊಟ್ಟಂತೆಯೇ ಮಾಡಿದ್ದಾರೆ. ನನ್ನ ಸಿಟ್ಟೆಲ್ಲ ಆ ಹೇಳಿಕೊಟ್ಟ ಪಾಠದ ಮೇಲೆ: ಸ್ಟೋರ್‌ನಿಂದಲೇ ಹಾಕಿಕೊಳ್ಳಿ, ರೇಟಿಂಗ್ ನೋಡಿ, ಡೆವಲಪರ್ ಹೆಸರು ನೋಡಿ. ಈ ಮೂರನ್ನೂ ಪಾಲಿಸಿದವರೇ ಹಳ್ಳಕ್ಕೆ ಬಿದ್ದಿದ್ದಾರೆ.

2017ರ ನವೆಂಬರ್ ನೆನಪಿಸಿಕೊಳ್ಳಿ. ಪ್ಲೇ ಸ್ಟೋರ್‌ನಲ್ಲಿ "Update WhatsApp Messenger" ಅಂತ ಒಂದು ಆಪ್ ಬಂತು. ಐಕಾನ್ ವಾಟ್ಸಾಪ್‌ನದೇ. ಡೆವಲಪರ್ ಹೆಸರು "WhatsApp Inc.", ಆಗ ಅಸಲಿ ಆಪ್ ಕೆಳಗೆ ಇದ್ದದ್ದೂ ಅದೇ. ತೆಗೆದುಹಾಕುವಷ್ಟರಲ್ಲಿ 10 ಲಕ್ಷಕ್ಕೂ ಹೆಚ್ಚು ಡೌನ್‌ಲೋಡ್ ಆಗಿತ್ತು. ಒಳಗಿದ್ದದ್ದು ಬರೀ ಜಾಹೀರಾತು, ಜೊತೆಗೆ ಹೆಸರಿಲ್ಲದ ಖಾಲಿ ಐಕಾನ್ ಇಟ್ಟುಕೊಂಡು ಫೋನಿನಲ್ಲಿ ಅಡಗಿ ಕೂರುವ ಬುದ್ಧಿ. ಒಂದೇ ಹೆಸರು ಇಬ್ಬರಿಗೆ ಸಿಕ್ಕಿದ್ದು ಹೇಗೆ? ನಕಲಿಯವನು ಹೆಸರಿಗೆ ಕಣ್ಣಿಗೆ ಕಾಣದ ಒಂದು ಅಕ್ಷರ ಸೇರಿಸಿದ್ದ. U+00A0 ಎಂಬ ಆ ಅಕ್ಷರ ನೋಡಲು ಬರೀ ಖಾಲಿ ಜಾಗ. ಕಂಪ್ಯೂಟರ್‌ಗೆ ಮಾತ್ರ ಅದು ಬೇರೆಯೇ ಹೆಸರು. ಡೆವಲಪರ್ ಪುಟದ ಲಿಂಕ್‌ನಲ್ಲಿ ಅದು ಹೀಗೆ ಬಯಲಾಗುತ್ತದೆ:

```
%C2%A0
```

ಪರದೆಯ ಮೇಲಿನ ಹೆಸರನ್ನು ಎಷ್ಟೇ ದಿಟ್ಟಿಸಿದರೂ ಇದು ಕಾಣುವುದಿಲ್ಲ. ಆದ್ದರಿಂದ ಹೆಸರು ಗುರುತಲ್ಲ. ಆಪ್‌ಗೆ ಇರುವ ಗಟ್ಟಿ ಗುರುತು ಅದರ ಪ್ಯಾಕೇಜ್ ನೇಮ್. ಪ್ಲೇ ಸ್ಟೋರ್‌ನಲ್ಲಿ ಆಪ್‌ನ ಪುಟ ತೆರೆದು, ಮೇಲಿನ ಮೂರು ಚುಕ್ಕಿ ಒತ್ತಿ, Share ಮೂಲಕ ಲಿಂಕ್ ನಕಲಿಸಿಕೊಂಡು ಎಲ್ಲಾದರೂ ಅಂಟಿಸಿ. ಹೀಗೆ ಕಾಣುತ್ತದೆ:

```
https://play.google.com/store/apps/details?id=com.whatsapp
```

`id=` ಆದಮೇಲೆ ಇರುವುದೇ ಪ್ಯಾಕೇಜ್ ನೇಮ್. ಒಂದು ಪ್ಯಾಕೇಜ್ ನೇಮ್ ಇಡೀ ಪ್ಲೇ ಸ್ಟೋರ್‌ನಲ್ಲಿ ಒಂದೇ ಆಪ್‌ಗೆ ಇರಲು ಸಾಧ್ಯ, ಮತ್ತು ಒಮ್ಮೆ ಪ್ರಕಟಿಸಿದ ಮೇಲೆ ಅದನ್ನು ಬದಲಿಸಲು ಬರುವುದಿಲ್ಲ. ಆಪ್‌ನ ಹೆಸರು, ಐಕಾನ್, ವಿವರಣೆ, ಸ್ಕ್ರೀನ್‌ಶಾಟ್ ಎಲ್ಲವನ್ನೂ ಬದಲಿಸಬಹುದು. ವಾಟ್ಸಾಪ್‌ನ ಡೆವಲಪರ್ ಹೆಸರೇ ಈಗ "WhatsApp LLC" ಆಗಿದೆ, ಆದರೆ `com.whatsapp` ಹಾಗೆಯೇ ಇದೆ. ಆಪಲ್‌ನ ಆಪ್ ಸ್ಟೋರ್‌ನಲ್ಲಾದರೆ ಲಿಂಕ್‌ನ ಕೊನೆಯಲ್ಲಿ `id` ಜೊತೆ ಬರುವ ಅಂಕಿ ಇದೇ ಕೆಲಸ ಮಾಡುತ್ತದೆ.

ಇಲ್ಲಿ ಒಂದು ಎಚ್ಚರ. ಪ್ಯಾಕೇಜ್ ನೇಮ್ ಒಳಗೆ ಕಂಪನಿಯ ಹೆಸರಿದೆ ಎಂದಾಕ್ಷಣ ನಂಬಬೇಡಿ. ಬೇರೆ ಯಾರೂ ಬಳಸದ ಹೆಸರನ್ನು ಯಾರು ಬೇಕಾದರೂ ಇಟ್ಟುಕೊಳ್ಳಬಹುದು. ಅದನ್ನು ತಾಳೆ ನೋಡಬೇಕು. ಎಲ್ಲರೂ ತಪ್ಪುವುದು ಇಲ್ಲೇ, ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

ಸಾಮಾನ್ಯವಾಗಿ ಜನ ಸ್ಟೋರ್ ಪುಟದಲ್ಲಿರುವ ಡೆವಲಪರ್ ವೆಬ್‌ಸೈಟ್ ಲಿಂಕ್ ಒತ್ತುತ್ತಾರೆ. ಕಂಪನಿಯ ಅಸಲಿ ಸೈಟ್ ತೆರೆದುಕೊಳ್ಳುತ್ತದೆ. ಸರಿ, ಇದು ಅವರದೇ ಅಂತ ನಿಶ್ಚಿಂತರಾಗುತ್ತಾರೆ. ಆದರೆ ಆ ಲಿಂಕ್ ತುಂಬಿದವನು ಡೆವಲಪರ್. ನಕಲಿ ಆಪ್ ಮಾಡಿದವನು ಅಸಲಿ ಕಂಪನಿಯ ಸೈಟ್ ವಿಳಾಸವನ್ನೇ ಅಲ್ಲಿ ಬರೆದಿಟ್ಟರೆ ಏನು ಅಡ್ಡಿ? ಸ್ಟೋರ್‌ನಿಂದ ಸೈಟ್‌ಗೆ ಹೋದರೆ ಏನೂ ಸಾಬೀತಾಗುವುದಿಲ್ಲ. ಸೈಟ್‌ನಿಂದ ಸ್ಟೋರ್‌ಗೆ ಬರಬೇಕು. ಕಂಪನಿಯ ವೆಬ್ ವಿಳಾಸವನ್ನು ನೀವೇ ಟೈಪ್ ಮಾಡಿ. ಆ ವಿಳಾಸವನ್ನು ಬಿಲ್‌ನಿಂದಲೋ, ಸಾಧನ ಬಂದ ಡಬ್ಬಿಯಿಂದಲೋ ತೆಗೆದುಕೊಳ್ಳಿ. ಸರ್ಚ್‌ನಲ್ಲಿ ಮೇಲೆ ಬರುವ ಜಾಹೀರಾತು ಲಿಂಕ್ ಬೇಡ, ಅದೂ ನಕಲಿ ಸೈಟ್‌ನದ್ದಾಗಿರಬಹುದು. ಆ ಸೈಟ್‌ನಲ್ಲಿರುವ ಡೌನ್‌ಲೋಡ್ ಬಟನ್ ಒತ್ತಿ. ತೆರೆಯುವ ಸ್ಟೋರ್ ಪುಟದ `id`, ನೀವು ಹುಡುಕಿಕೊಂಡಿದ್ದ ಆಪ್‌ನ `id` ಎರಡೂ ಅಕ್ಷರಕ್ಕೆ ಅಕ್ಷರ ಒಂದೇ ಇರಬೇಕು. ನಕಲಿಯವನು ಸ್ಟೋರ್ ಪುಟದಲ್ಲಿ ಏನು ಬೇಕಾದರೂ ಬರೆದುಕೊಳ್ಳಲಿ, ಕಂಪನಿಯ ಸೈಟ್‌ನ ಬಟನ್ ತಿರುಗಿಸುವುದು ಅವನ ಕೈಲಿಲ್ಲ.

"ಆಪಲ್‌ನವರು ಪ್ರತಿ ಆಪ್ ಪರಿಶೀಲಿಸುತ್ತಾರಲ್ಲ, ಇಷ್ಟೆಲ್ಲ ಯಾಕೆ" ಅನ್ನುವವರಿದ್ದಾರೆ. ಪರಿಶೀಲಿಸುತ್ತಾರೆ, ನಿಜ. ಆದರೂ 2021ರಲ್ಲಿ ಆಪಲ್‌ನ ಸ್ಟೋರ್‌ನಲ್ಲೇ ಟ್ರೆಜರ್ ಹೆಸರಿನ ನಕಲಿ ಆಪ್ ಇತ್ತು. ಟ್ರೆಜರ್ ಎಂದರೆ ಬಿಟ್‌ಕಾಯಿನ್ ಕೀ ಇಟ್ಟುಕೊಳ್ಳುವ ಪುಟ್ಟ ಸಾಧನ. ಸ್ಟೋರ್‌ಗೆ ಕೊಡುವಾಗ ಆ ಆಪ್ ತಾನು ಫೈಲ್‌ಗಳನ್ನು ಎನ್‌ಕ್ರಿಪ್ಟ್ ಮಾಡುವ, ಪಾಸ್‌ವರ್ಡ್ ಕಾಪಾಡುವ ಆಪ್ ಎಂದು ಹೇಳಿಕೊಂಡಿತ್ತು. ಒಪ್ಪಿಗೆ ಸಿಕ್ಕ ಮೇಲೆ ಬಿಟ್‌ಕಾಯಿನ್ ವಾಲೆಟ್ ಆಗಿ ವೇಷ ಬದಲಿಸಿತು. ರೇಟಿಂಗ್ ಸುಮಾರು 5 ಸ್ಟಾರ್. ಅದನ್ನು ನಂಬಿ ತಮ್ಮ ವಾಲೆಟ್ ತೆರೆಯುವ ರಹಸ್ಯ ಪದಗಳನ್ನು ಟೈಪ್ ಮಾಡಿದ ಒಬ್ಬರು 17.1 ಬಿಟ್‌ಕಾಯಿನ್ ಕಳೆದುಕೊಂಡರು. ಆಗ ಟ್ರೆಜರ್ ಕಂಪನಿಗೆ ಐಫೋನ್ ಆಪ್ ಇರಲೇ ಇಲ್ಲ! ಸೈಟ್‌ನಿಂದ ಸ್ಟೋರ್‌ಗೆ ಬರಲು ಹೋಗಿದ್ದರೆ ಒತ್ತಲು ಬಟನ್ನೇ ಸಿಗುತ್ತಿರಲಿಲ್ಲ. ಆ ಒಂದು ನಿಮಿಷದ ಕೆಲಸವನ್ನು ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲವಲ್ಲ ಎಂದು ನೆನೆದರೆ ಈಗಲೂ ಹೊಟ್ಟೆಗೆ ಬೆಂಕಿ ಬಿದ್ದಂತಾಗುತ್ತದೆ.

ಇನ್ನು ಆ ಸ್ಟಾರ್‌ಗಳ ವಿಷಯ. ದುಡ್ಡು ಕೊಟ್ಟು ವಿಮರ್ಶೆ ಬರೆಸುವುದು ಒಂದು ದಾರಿ, ಅದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಇನ್ನೊಂದು: ಹಳೆಯ ಆಪ್ ಖಾತೆಯಿಂದ ಖಾತೆಗೆ ಕೈ ಬದಲಾದಾಗ ಅದರ ಡೌನ್‌ಲೋಡ್ ಎಣಿಕೆ, ರೇಟಿಂಗ್, ವಿಮರ್ಶೆ ಎಲ್ಲವೂ ಜೊತೆಗೇ ಹೋಗುತ್ತವೆ. ವಾಲ್‌ಪೇಪರ್ ಆಪ್ ಗಳಿಸಿದ ಸ್ಟಾರ್ ಮೇಲೆ ನಾಳೆ ಸಾಲದ ಆಪ್ ಕೂರಬಹುದು. ಇದನ್ನು ಪತ್ತೆ ಮಾಡುವುದು ಕಷ್ಟವಲ್ಲ. ವಿಮರ್ಶೆಗಳಲ್ಲಿ ಹಳೆಯವಕ್ಕೂ ಇಳಿದು ನೋಡಿ, ಅವು ಮಾತಾಡುತ್ತಿರುವುದು ಇದೇ ಆಪ್ ಬಗ್ಗೆಯೋ ಬೇರೆಯದರ ಬಗ್ಗೆಯೋ? ಪ್ಯಾಕೇಜ್ ನೇಮ್‌ನಲ್ಲಿ ಹಳೆಯ ಕಸುಬಿನ ಹೆಸರು ಉಳಿದಿದೆಯೋ? ಆಮೇಲೆ 1 ಸ್ಟಾರ್‌ನವನ್ನು ಮಾತ್ರ ಆರಿಸಿ, ಹೊಸದು ಮೊದಲು ಬರುವಂತೆ ಜೋಡಿಸಿ ಓದಿ. 5 ಸ್ಟಾರ್‌ನಲ್ಲಿ "ಗುಡ್ ಆಪ್", "ನೈಸ್" ಎಂಬ ಎರಡೇ ಪದ, 1 ಸ್ಟಾರ್‌ನಲ್ಲಿ ಹಣ ಹೋದ ಕಥೆ ವಿವರವಾಗಿ ಇದ್ದರೆ ಆ ವಿವರವನ್ನೇ ನಂಬಿ.

About this app ಒತ್ತಿ ಕೆಳಗಿಳಿದರೆ Released on ದಿನಾಂಕವೂ ಸಿಗುತ್ತದೆ. ವರ್ಷಗಳಿಂದ ಇರುವ ಸೇವೆಯ "ಅಧಿಕೃತ" ಆಪ್ ಕಳೆದ ತಿಂಗಳು ಹುಟ್ಟಿದ್ದರೆ ಕೈ ಹಾಕಬೇಡಿ. ಡೆವಲಪರ್ ಹೆಸರು ಒತ್ತಿ ಅವರ ಬೇರೆ ಆಪ್‌ಗಳನ್ನೂ ನೋಡಿ. ಬ್ಯಾಂಕಿನ ಆಪ್ ಮಾಡಿದವರ ಪಟ್ಟಿಯಲ್ಲಿ ಟಾರ್ಚ್, ಜಾತಕ, ಕ್ಯಾಲ್ಕ್ಯುಲೇಟರ್ ಇದ್ದರೆ ಅದು ಬ್ಯಾಂಕಲ್ಲ. ಸಂಪರ್ಕಕ್ಕೆ ಜಿಮೇಲ್ ವಿಳಾಸ ಇದೆ ಎಂಬ ಒಂದೇ ಕಾರಣಕ್ಕೆ ಮಾತ್ರ ಯಾರನ್ನೂ ತಳ್ಳಿಹಾಕಬೇಡಿ, ಒಂಟಿಯಾಗಿ ದುಡಿಯುವ ಪ್ರಾಮಾಣಿಕ ಡೆವಲಪರ್‌ಗಳೂ ಅದನ್ನೇ ಬಳಸುತ್ತಾರೆ. ದೊಡ್ಡ ಕಂಪನಿಯ ಹೆಸರಿನ ಕೆಳಗೆ ಜಿಮೇಲ್ ಕಂಡರೆ ಅದು ಬೇರೆ ಮಾತು.

ಈಗಾಗಲೇ ಹಾಕಿಕೊಂಡುಬಿಟ್ಟಿದ್ದರೆ, ಆಪ್ ಅಳಿಸಿದ ಮಾತ್ರಕ್ಕೆ ಮುಗಿಯಲಿಲ್ಲ. ಅದರೊಳಗೆ ಟೈಪ್ ಮಾಡಿದ್ದು ಆಗಲೇ ಅವರ ಬಳಿ ಹೋಗಿದೆ. ಪಾಸ್‌ವರ್ಡ್ ಕೊಟ್ಟಿದ್ದರೆ ಬೇರೊಂದು ಸಾಧನದಿಂದ ಬದಲಿಸಿ, ಎಲ್ಲ ಕಡೆಯಿಂದ ಲಾಗ್ಔಟ್ ಮಾಡಿಸಿ. ವಾಲೆಟ್‌ನ ರಹಸ್ಯ ಪದ ಕೊಟ್ಟಿದ್ದರೆ ಅವನ್ನು ಬದಲಿಸಲು ಬರುವುದಿಲ್ಲ. ಹೊಸ ಪದಗಳೊಂದಿಗೆ ಹೊಸ ವಾಲೆಟ್ ಮಾಡಿ ಉಳಿದದ್ದನ್ನು ಅಲ್ಲಿಗೆ ಸಾಗಿಸಿ, ಈಗಲೇ. ಆಮೇಲೆ ಸ್ಟೋರ್ ಪುಟಕ್ಕೆ ಮರಳಿ ಮೂರು ಚುಕ್ಕಿಯಲ್ಲಿ Flag as inappropriate ಒತ್ತಿ, ಅಸಲಿ ಕಂಪನಿಗೂ ಆ ನಕಲಿಯ ಪೂರ್ತಿ ಲಿಂಕ್ ಕಳಿಸಿ. ಸ್ಕ್ರೀನ್‌ಶಾಟ್ ಸಾಲದು, ಅದರಲ್ಲಿ `id` ಕಾಣುವುದಿಲ್ಲ.