ಟೋಟಲ್ ಮೇಲೆ ಹೋಯ್ತು, ಬೇಸಿಕ್ ಯಾಕೆ ಕೆಳಗೆ ಬಂತು ಮೇಡಂ?

ಈ ಸಲದ ಇಂಕ್ರಿಮೆಂಟ್ ಲೆಟರ್ ಬಂದಾಗ ನಮ್ಮ ಆಫೀಸಿನಲ್ಲಿ ಎಲ್ಲರೂ ಮೊದಲು ನೋಡಿದ್ದು ಕೊನೆಯ ಸಾಲನ್ನೇ. ನನ್ನದರಲ್ಲಿ ವರ್ಷಕ್ಕೆ 6,60,516 ರೂಪಾಯಿ ಇದ್ದ ಸಿಟಿಸಿ 7,14,408 ಆಗಿತ್ತು. ಎಂಟು ಪರ್ಸೆಂಟ್‌ಗಿಂತ ಸ್ವಲ್ಪ ಜಾಸ್ತಿ. ಆದರೆ ಮೇಲಿನ ಸಾಲು ನೋಡಿದರೆ 30,000 ಇದ್ದ ಬೇಸಿಕ್ 24,000ಕ್ಕೆ ಇಳಿದಿತ್ತು.

ಎಚ್‌ಆರ್ ಮೇಡಂ ಹತ್ತಿರ ಹೋಗಿ ಕೇಳಿದೆ. "ಟೋಟಲ್ ಜಾಸ್ತಿ ಆಗಿದೆಯಲ್ಲ ಸರ್, ಕೈಗೂ ಜಾಸ್ತಿ ಬರುತ್ತೆ. ಸ್ಟ್ರಕ್ಚರ್ ಬದಲಾಗಿದೆ ಅಷ್ಟೇ, ಸುಮ್ನೆ ಆಕ್ಸೆಪ್ಟ್ ಮಾಡಿ" ಅಂದರು. ಬಾಯಲ್ಲಿ ಹೇಳಿದ್ದಕ್ಕೆ ನಾಳೆ ಸಾಕ್ಷಿ ಇರಲ್ಲ. ಅದಕ್ಕೇ ಮೇಲ್ ಹಾಕಿದೆ. ಬರೆದದ್ದು ಇಂಗ್ಲಿಷ್‌ನಲ್ಲಿ, ಇಲ್ಲಿ ಕನ್ನಡದಲ್ಲಿ ಹಾಕುತ್ತಿದ್ದೇನೆ. ಕಂಪನಿ ಹೆಸರು ಕೇಳಬೇಡಿ, ಇನ್ನೂ ಅಲ್ಲೇ ಕೆಲಸದಲ್ಲಿದ್ದೇನೆ.

"ಮಾನ್ಯ ಮೇಡಂ,

ಪರಿಷ್ಕೃತ ಸಂಬಳದ ಪತ್ರ ತಲುಪಿದೆ. ಪೋರ್ಟಲ್‌ನಲ್ಲಿ ಒಪ್ಪಿಗೆ ಕೊಡುವ ಮುಂಚೆ ಕೆಲವು ವಿಷಯಗಳಿಗೆ ಬರವಣಿಗೆಯಲ್ಲಿ ಉತ್ತರ ಬೇಕಿತ್ತು.

ಹಳೆಯ ಪತ್ರದ ಪ್ರಕಾರ ತಿಂಗಳಿಗೆ ಬೇಸಿಕ್ 30,000, ಎಚ್‌ಆರ್‌ಎ 12,000, ಸ್ಪೆಷಲ್ ಅಲೋವೆನ್ಸ್ 8,000. ಇದರ ಮೇಲೆ ಕಂಪನಿಯ ಪಿಎಫ್ ಪಾಲು 3,600, ಗ್ರ್ಯಾಚುಟಿ ಬಾಬ್ತು 1,443. ಒಟ್ಟು 55,043.

ಹೊಸ ಪತ್ರದಲ್ಲಿ ಬೇಸಿಕ್ 24,000, ಎಚ್‌ಆರ್‌ಎ 9,600, ಸ್ಪೆಷಲ್ ಅಲೋವೆನ್ಸ್ 16,900. ಪಿಎಫ್ ಪಾಲು 2,880, ಗ್ರ್ಯಾಚುಟಿ 1,154. ಜೊತೆಗೆ ಎರಡು ಹೊಸ ಸಾಲು ಸೇರಿವೆ: ಗ್ರೂಪ್ ಇನ್ಶೂರೆನ್ಸ್ 1,000, ವೇರಿಯಬಲ್ ಪೇ 4,000. ಒಟ್ಟು 59,534.

ಈ ಎರಡು ಹೊಸ ಸಾಲು ತೆಗೆದರೆ ಹೊಸ ಮೊತ್ತ 54,534. ಅಂದರೆ ಹಳೆಯದಕ್ಕಿಂತ ತಿಂಗಳಿಗೆ 509 ರೂಪಾಯಿ ಕಡಿಮೆ. ಈ ಲೆಕ್ಕ ಸರಿಯೇ ಎಂದು ದಯವಿಟ್ಟು ತಿಳಿಸಿ.

ಬೇಸಿಕ್ ಕಡಿಮೆ ಮಾಡಲು ಕಾರಣವೇನು? ಇದು ಎಲ್ಲರಿಗೂ ಅನ್ವಯವೇ? ಇಲ್ಲಿಯವರೆಗಿನ 9 ವರ್ಷದ ಸೇವೆಯ ಗ್ರ್ಯಾಚುಟಿಯನ್ನು ಮುಂದೆ ಯಾವ ಮೊತ್ತದ ಮೇಲೆ ಲೆಕ್ಕ ಹಾಕುತ್ತೀರಿ? ಇನ್ಶೂರೆನ್ಸ್ ಪ್ರೀಮಿಯಂ ಹಿಂದೆಯೂ ಕಂಪನಿಯೇ ಕಟ್ಟುತ್ತಿತ್ತಲ್ಲವೇ, ಈಗ ನನ್ನ ಸಿಟಿಸಿಗೆ ಸೇರಿಸಿದ್ದು ಯಾಕೆ? ವೇರಿಯಬಲ್ ಪೇ ಯಾವಾಗ, ಯಾವ ಅಳತೆಯ ಮೇಲೆ ಸಿಗುತ್ತದೆ? ನಡುವೆ ಕೆಲಸ ಬಿಟ್ಟರೆ ಅಷ್ಟು ತಿಂಗಳ ಪಾಲು ಸಿಗುತ್ತದೆಯೇ?

ಪತ್ರ ತಲುಪಿದೆ ಎಂಬುದಕ್ಕಷ್ಟೇ ಈ ಮೇಲ್. ಬೇಸಿಕ್ ಬದಲಾವಣೆಗೆ ನನ್ನ ಒಪ್ಪಿಗೆ ಎಂದು ಇದನ್ನು ಭಾವಿಸಬಾರದು."

ಇಷ್ಟೇ ಪತ್ರ. ಜಗಳದ ಭಾಷೆ ಎಲ್ಲೂ ಇಲ್ಲ, ಬೇಕಾಗಿಯೂ ಇರಲಿಲ್ಲ. ಕೊನೆಯ ಎರಡು ಸಾಲನ್ನು ಬೇಕೆಂದೇ ಸೇರಿಸಿದೆ. ನಮ್ಮ ಪೋರ್ಟಲ್‌ನಲ್ಲಿ ಇರೋದು ಆಕ್ಸೆಪ್ಟ್ ಅನ್ನೋ ಒಂದೇ ಬಟನ್. ಒಪ್ಪಲ್ಲ ಅನ್ನೋಕೆ ಜಾಗವೇ ಇಲ್ಲ.

ಈಗ ಆ 509 ಎಲ್ಲಿಂದ ಬಂತು ನೋಡಿ. ಬೇಸಿಕ್, ಎಚ್‌ಆರ್‌ಎ, ಅಲೋವೆನ್ಸ್ ಕೂಡಿದರೆ ಹಿಂದೆ 50,000, ಈಗ 50,500. ಐನೂರು ಏರಿದೆ. ಆದರೆ ಪಿಎಫ್ ಬೇಸಿಕ್‌ನ 12 ಪರ್ಸೆಂಟ್. ಬೇಸಿಕ್ ಆರು ಸಾವಿರ ಇಳಿದರೆ ಕಂಪನಿ ಕಟ್ಟುವ ಪಾಲು 720 ಇಳಿಯುತ್ತದೆ. ಗ್ರ್ಯಾಚುಟಿ ಬಾಬ್ತು ಇನ್ನೊಂದು 289. ಐನೂರು ಕೊಟ್ಟು ಸಾವಿರದ ಒಂಬತ್ತು ವಾಪಸ್ ತಗೊಂಡ ಹಾಗಾಯ್ತು.

ಮೇಡಂ ಹೇಳಿದ "ಕೈಗೂ ಜಾಸ್ತಿ ಬರುತ್ತೆ" ಅನ್ನೋದು ಸುಳ್ಳಲ್ಲ. ವೃತ್ತಿ ತೆರಿಗೆ ಎರಡರಲ್ಲೂ ಒಂದೇ, ಬಿಟ್ಟುಬಿಡೋಣ. ನನ್ನ ಪಿಎಫ್ ಕಳೆದ ಮೇಲೆ ಹಿಂದೆ 46,400 ಬರುತ್ತಿತ್ತು, ಈಗ 47,620. ಅಂದರೆ 1,220 ಜಾಸ್ತಿ. ಆದರೆ ಅದರಲ್ಲಿ 720 ನನ್ನದೇ ದುಡ್ಡು. ನನ್ನ ಪಿಎಫ್‌ಗೆ ಹೋಗುತ್ತಿದ್ದದ್ದು ಈಗ ಕೈಗೆ ಬಂದಿದೆ ಅಷ್ಟೆ. ತಿಂಗಳ ಕೊನೆಗೆ ಕೈ ಬಿಗಿಯಾಗಿರುವವರಿಗೆ ಅದೂ ಬೇಕಾಗಿರಬಹುದು, ಅದನ್ನು ತಪ್ಪು ಅನ್ನಲ್ಲ. ಆದರೆ ಅದನ್ನು ಇಂಕ್ರಿಮೆಂಟ್ ಅಂತ ಕರೆಯಬೇಡಿ ಅನ್ನೋದಷ್ಟೇ ನನ್ನ ತಕರಾರು.

ಪಿಎಫ್ ಪಾಸ್‌ಬುಕ್ ತೆರೆದರೆ ಹೊಡೆತ ಇನ್ನೂ ಚೆನ್ನಾಗಿ ಕಾಣುತ್ತದೆ. ಕಂಪನಿ ಪಾಲು ಪೂರ್ತಿ ನಮ್ಮ ಪಿಎಫ್ ಖಾತೆಗೆ ಬರೋದಿಲ್ಲ. ನನ್ನ ಥರ ಪೆನ್ಷನ್ ಸ್ಕೀಮ್‌ನಲ್ಲಿರುವ ಹಳಬರಿಗೆ ಅದರಲ್ಲಿ 1,250 ಪೆನ್ಷನ್ ಕಾಲಮ್‌ಗೆ ಹೋಗುತ್ತದೆ. ಸಂಬಳದ ಮಿತಿ 15,000 ಅಂತ ಹಿಡಿದು ಅದರ 8.33 ಪರ್ಸೆಂಟ್. ಬೇಸಿಕ್ 30,000 ಇರಲಿ, 24,000 ಇರಲಿ, ಈ 1,250 ಬದಲಾಗಲ್ಲ. ಹಾಗಾಗಿ ಇಳಿಕೆಯೆಲ್ಲ ಪಕ್ಕದ ಕಾಲಮ್ ಮೇಲೆ ಬೀಳುತ್ತದೆ. ಕಂಪನಿ ಕಡೆಯಿಂದ ಹಿಂದೆ 2,350 ಜಮಾ ಆಗುತ್ತಿತ್ತು, ಈಗ 1,630. ನನ್ನ ಪಾಲನ್ನೂ ಸೇರಿಸಿದರೆ ವರ್ಷಕ್ಕೆ 17,280 ಕಡಿಮೆ ಜಮಾ. ಬಡ್ಡಿ ಬೇರೆ.

ಆದರೆ ನನಗೆ ಸಿಟ್ಟು ಬಂದದ್ದು ಪಿಎಫ್‌ಗೆ ಅಲ್ಲ, ಗ್ರ್ಯಾಚುಟಿಗೆ. ಪಿಎಫ್‌ನಲ್ಲಿ ಹಿಂದೆ ಕಟ್ಟಿದ್ದು ಕಟ್ಟಿದ ಹಾಗೇ ಇರುತ್ತದೆ, ಮುಂದಿನದು ಮಾತ್ರ ಇಳಿಯುತ್ತದೆ. ಗ್ರ್ಯಾಚುಟಿ ಹಾಗಲ್ಲ. ಕೊನೆಯ ತಿಂಗಳ ಸಂಬಳ ಹಿಡಿದು, ಅದನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸುತ್ತಾರೆ. 1972ರ ಗ್ರ್ಯಾಚುಟಿ ಕಾಯ್ದೆಯಿಂದ ಬಂದಿರುವ ಲೆಕ್ಕ ಇದು. ಹಳೆಯ ಬೇಸಿಕ್ ಹಿಡಿದರೆ:

30,000 × 15 ÷ 26 × 9 = 1,55,769

ಹೊಸ ಬೇಸಿಕ್ ಹಿಡಿದರೆ:

24,000 × 15 ÷ 26 × 9 = 1,24,615

ಒಂದು ಕ್ಲಿಕ್‌ಗೆ 31 ಸಾವಿರ ಚಿಲ್ಲರೆ ಹೋಯ್ತು. ಅದೂ ಮುಂದೆ ಮಾಡುವ ಕೆಲಸದ್ದಲ್ಲ, ಈಗಾಗಲೇ ದುಡಿದು ಮುಗಿಸಿದ ಒಂಬತ್ತು ವರ್ಷದ್ದು. ಗ್ರ್ಯಾಚುಟಿ ಬಾಕಿಗೆ ಅಂತ ಕಂಪನಿಗಳು ತಮ್ಮ ಲೆಕ್ಕಪುಸ್ತಕದಲ್ಲಿ ಮೊತ್ತ ತೋರಿಸಬೇಕು. ಬೇಸಿಕ್ ಇಳಿದರೆ ಎಲ್ಲ ಹಳಬರ ಬಾಕಿಯೂ ಒಟ್ಟಿಗೆ ಇಳಿಯುತ್ತದೆ. ನಮ್ಮಲ್ಲಿ ರಜೆ ಎನ್‌ಕ್ಯಾಶ್ ಮಾಡುವುದೂ ಬೇಸಿಕ್ ಮೇಲೇ. ಅಲ್ಲೂ ಅದೇ ಕತೆ.

ಇದಕ್ಕೆ ಕಾನೂನು ಏನನ್ನುತ್ತದೆ? ಇಲ್ಲಿ ಸ್ವಲ್ಪ ಹುಷಾರಾಗಿ ಮಾತಾಡಬೇಕು. ಪಿಎಫ್ ವಿಷಯದಲ್ಲಿ ಕಾನೂನಿನ ಮಿತಿ 15,000. ಬೇಸಿಕ್ ಅದಕ್ಕಿಂತ ಮೇಲಿದ್ದರೆ 1,800 ಮಾತ್ರ ಕಟ್ಟುವ ಕಂಪನಿಗಳು ಎಷ್ಟೋ ಇವೆ. 2019ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್, ಎಲ್ಲರಿಗೂ ಒಂದೇ ಥರ ಕೊಡುವ ಅಲೋವೆನ್ಸನ್ನು ಪಿಎಫ್ ಲೆಕ್ಕದಿಂದ ಹೊರಗಿಡುವ ಹಾಗಿಲ್ಲ ಅಂತ ಹೇಳಿತು. ಅದು ಮುಖ್ಯವಾಗಿ ಉಪಯೋಗಕ್ಕೆ ಬರುವುದು ಬೇಸಿಕ್ 15,000ಕ್ಕಿಂತ ಕೆಳಗೆ ಇರುವವರಿಗೆ. ಎಂಟು ಸಾವಿರ ಬೇಸಿಕ್, ಹನ್ನೆರಡು ಸಾವಿರ ಅಲೋವೆನ್ಸ್ ಅಂತ ಪತ್ರ ಇಟ್ಟುಕೊಂಡಿರುವ ಹುಡುಗರು ಇದನ್ನು ಹಿಡಿದು ಕೇಳಬಹುದು. ನನ್ನ 24,000ಕ್ಕೆ ಅದರಿಂದ ದೊಡ್ಡ ಬಲ ಸಿಗಲ್ಲ.

ಗ್ರ್ಯಾಚುಟಿಯಲ್ಲಿ ಮಾತ್ರ ಪಾಯಿಂಟ್ ಇದೆ. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಅವುಗಳಲ್ಲಿ 'ವೇತನ' ಎಂದರೆ ಬರೀ ಬೇಸಿಕ್ ಅಲ್ಲ. ಎಲ್ಲ ಸಂಬಳವನ್ನೂ ಹಿಡಿದು, ಅದರಿಂದ ಕೆಲವನ್ನು ಹೆಸರಿಸಿ ಹೊರಗಿಡುತ್ತಾರೆ. ಎಚ್‌ಆರ್‌ಎ, ಓಡಾಟದ ಭತ್ಯೆ, ಕಂಪನಿಯ ಪಿಎಫ್ ಪಾಲು, ಓವರ್‌ಟೈಮ್, ಕಮಿಷನ್ ಹೀಗೆ. ಹೊರಗಿಟ್ಟದ್ದು ಒಟ್ಟು ಸಂಬಳದ ಅರ್ಧ ದಾಟಿದರೆ, ದಾಟಿದಷ್ಟನ್ನು ಮತ್ತೆ ವೇತನಕ್ಕೆ ಸೇರಿಸಬೇಕು. ಜನ ಐವತ್ತು ಪರ್ಸೆಂಟ್ ರೂಲ್ ಅನ್ನೋದು ಇದನ್ನೇ.

ಆದರೆ ಹೊರಗಿಡುವ ಪಟ್ಟಿಯಲ್ಲಿ 'ಸ್ಪೆಷಲ್ ಅಲೋವೆನ್ಸ್' ಅಂತ ಒಂದು ಬಾಬ್ತು ಇಲ್ಲ. ಕೆಲಸದ ಸ್ವರೂಪದಿಂದ ಆಗುವ ವಿಶೇಷ ಖರ್ಚು ತುಂಬಿಕೊಡುವ ಹಣ ಅಂತ ಒಂದಿದೆ, ಆದರೆ ನನ್ನ 16,900 ಯಾವ ಖರ್ಚಿಗೂ ಕೊಟ್ಟದ್ದಲ್ಲ. ಬೇಸಿಕ್‌ನಿಂದ ತೆಗೆದದ್ದನ್ನು ಅಲ್ಲಿ ತುಂಬಿದ್ದಾರೆ ಅಷ್ಟೆ. ಹಾಗಾದರೆ ಗ್ರ್ಯಾಚುಟಿಗೆ ಹಿಡಿಯಬೇಕಾದ್ದು 24,000 ಅಲ್ಲ, 24,000 ಮತ್ತು 16,900 ಸೇರಿಸಿ 40,900 ಅಲ್ವಾ? ಪತ್ರದಲ್ಲಿ 1,154 ಅಂತ ತೋರಿಸಿರುವುದು ಮಾತ್ರ 24,000ದ 4.81 ಪರ್ಸೆಂಟ್. ವರ್ಷಕ್ಕೆ ಬರುವ 15 ÷ 26 ಪಾಲನ್ನು 12 ತಿಂಗಳಿಗೆ ಹಂಚಿದರೆ ಸಿಗುವುದು ಈ 4.81. ನಿಮ್ಮ ಪತ್ರದಲ್ಲೂ ಗ್ರ್ಯಾಚುಟಿ ಸಾಲನ್ನು 0.0481ರಿಂದ ಭಾಗಿಸಿ ನೋಡಿ. ಕಂಪನಿ ಯಾವ ಮೊತ್ತವನ್ನು ವೇತನ ಅಂತ ಹಿಡಿದಿದೆ ಅಂತ ತಕ್ಷಣ ಗೊತ್ತಾಗುತ್ತದೆ.

ಟ್ಯಾಕ್ಸ್ ಉಳಿಯುತ್ತೆ ಅಂತಲೂ ಒಬ್ಬರು ಹೇಳಿದರು. ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷ ಆದಾಯದವರೆಗೆ ರಿಬೇಟ್ ಇದೆ. ನನ್ನ ಏಳು ಲಕ್ಷಕ್ಕೆ ತೆರಿಗೆಯೇ ಇಲ್ಲ, ಉಳಿಸುವುದು ಏನನ್ನು? ಹಳೆಯ ಪದ್ಧತಿಯಲ್ಲಿರುವವರಿಗೆ ಬೇಸಿಕ್ ಜೊತೆ ಎಚ್‌ಆರ್‌ಎ ಕೂಡ ಇಳಿದಿರುವುದರಿಂದ ವಿನಾಯಿತಿ ಕಡಿಮೆಯಾಗುವ ಸಾಧ್ಯತೆಯೇ ಜಾಸ್ತಿ.

ಎಚ್‌ಆರ್ ಉತ್ತರ ಬಂತು. 509ರ ಲೆಕ್ಕ ತಪ್ಪು ಅಂತ ಎಲ್ಲೂ ಹೇಳಿಲ್ಲ. ಇನ್ಶೂರೆನ್ಸ್ ಹಿಂದೆಯೂ ಇತ್ತು, ಈಗ 'ಪಾರದರ್ಶಕತೆಗಾಗಿ' ತೋರಿಸಿದ್ದೇವೆ ಅಂದಿದ್ದಾರೆ. ಅಂದರೆ ವರ್ಷಕ್ಕೆ 12,000 ಹೊಸದಾಗಿ ಕೊಟ್ಟದ್ದಲ್ಲ, ಅದು ಖಾತ್ರಿಯಾಯಿತು. ವೇರಿಯಬಲ್ ಪೇ ವರ್ಷದ ಕೊನೆಗೆ, ಕಂಪನಿಯ ಲಾಭ ಮತ್ತು ರೇಟಿಂಗ್ ನೋಡಿಕೊಂಡು, ಆ ದಿನ ಕೆಲಸದಲ್ಲಿದ್ದವರಿಗೆ ಮಾತ್ರ. ಮಾರ್ಚ್‌ನಲ್ಲಿ ಬಿಟ್ಟು ಹೋದರೆ ಹನ್ನೊಂದು ತಿಂಗಳು ದುಡಿದದ್ದಕ್ಕೂ ಸೊನ್ನೆ. ಬೇಸಿಕ್ ಇಳಿಸಿದ್ದಕ್ಕೆ ಕಾರಣ 'ಕಂಪನಿ ಪಾಲಿಸಿ'. ಗ್ರ್ಯಾಚುಟಿ 'ಕಾನೂನಿನ ಪ್ರಕಾರ'.

ಕಾನೂನಿನ ಪ್ರಕಾರ ಅಂದರೆ 24,000 ಮೇಲೋ, 40,900 ಮೇಲೋ, ಒಂದು ಸಾಲಲ್ಲಿ ಹೇಳಿ ಅಂತ ಮತ್ತೆ ಬರೆದಿದ್ದೇನೆ. ಪೇರೋಲ್‌ನವರನ್ನು ಕೇಳಿ ತಿಳಿಸುತ್ತೇವೆ ಅಂದಿದ್ದಾರೆ. ಹಳೆಯ ಪತ್ರ, ಹೊಸ ಪತ್ರ, ಈ ಮೇಲ್‌ಗಳು ಎಲ್ಲವನ್ನೂ ನನ್ನ ಸ್ವಂತ ಲ್ಯಾಪ್‌ಟಾಪ್‌ನಲ್ಲಿ ಇಟ್ಟುಕೊಂಡಿದ್ದೇನೆ. ಕೆಲಸ ಬಿಟ್ಟ ದಿನ ಆಫೀಸ್ ಮೇಲ್ ತೆರೆಯೋದಿಲ್ಲವಲ್ಲ. ಉತ್ತರ ಬಂದರೆ ಇಲ್ಲೇ ಕಾಮೆಂಟ್‌ನಲ್ಲಿ ಹಾಕುತ್ತೇನೆ.